ಒಂದು ಸಲ ಪಾಸ್‌ವರ್ಡ್ ಕೊಟ್ಟ ಮೇಲೆ ಫೋನ್ ಮಗುವಿನ ಕೈಗೆ ಕೊಡಬೇಡಿ

ನಮ್ಮ ಎಂಟು ವರ್ಷದ ಮಗಳು ಕೋಟೆ ಕಟ್ಟುವ ಒಂದು ಗೇಮ್ ಆಡುತ್ತಾಳೆ. ಒಂದು ಸಂಜೆ ಅದರಲ್ಲಿ ಚಿಕ್ಕದೊಂದು ರತ್ನದ ಪ್ಯಾಕ್ ಬೇಕು ಅಂದಳು. ಫೋನ್ ನನ್ನದು, ಖಾತೆಯೂ ನನ್ನದು. ಒಪ್ಪಿ ಪಾಸ್‌ವರ್ಡ್ ಹಾಕಿದೆ. ಆಗ ಗಂಟೆ 8:10. 8:22ರ ಹೊತ್ತಿಗೆ ಇನ್ನೂ ಐದು ಖರೀದಿ ಆಗಿತ್ತು, ಒಂದಕ್ಕಿಂತ ಒಂದು ದೊಡ್ಡದು. ಆ ಐದಕ್ಕೂ ಪಾಸ್‌ವರ್ಡ್ ಕೇಳಿಯೇ ಇಲ್ಲ. ಅವಳಿಗೆ ಕಂಡಿದ್ದು ಆಟ ಮುಂದುವರಿಸುವ ಒಂದು ಗುಂಡಿ, ಅಷ್ಟೆ. ನನಗೆ ಗೊತ್ತಾಗಿದ್ದು ಬ್ಯಾಂಕಿನ ಮೆಸೇಜು ಸಾಲಾಗಿ ಬಂದಾಗ.

ಇದು ಕಳ್ಳತನವಲ್ಲ, ಸೆಟ್ಟಿಂಗ್‌ನಲ್ಲಿರುವ ಕಿಂಡಿ. ಒಮ್ಮೆ ಪಾಸ್‌ವರ್ಡ್ ಕೊಟ್ಟರೆ ಸ್ವಲ್ಪ ಹೊತ್ತು ಮತ್ತೆ ಕೇಳದಂತೆ ಇಡುವ ಆಯ್ಕೆ ಇರುತ್ತದೆ. ಗೂಗಲ್ ಪ್ಲೇಯಲ್ಲಿ ಆ ಅವಧಿ 30 ನಿಮಿಷ. ಇಂಥದೇ 15 ನಿಮಿಷದ ಕಿಂಡಿಯ ಬಗ್ಗೆ ಅಮೆರಿಕದ ವ್ಯಾಪಾರ ಆಯೋಗ ದೂರು ಎತ್ತಿದ ಮೇಲೆ, 2014ರಲ್ಲಿ ಆಪಲ್ ಕನಿಷ್ಠ 3.25 ಕೋಟಿ ಡಾಲರ್ ಗ್ರಾಹಕರಿಗೆ ವಾಪಸ್ ಕೊಡಲು ಒಪ್ಪಿಕೊಂಡಿತ್ತು. ಅಂದರೆ ಎಷ್ಟೋ ಮನೆಗಳಲ್ಲಿ ಇದು ಆಗಿದೆ. ಮಗುವನ್ನು ಬೈಯುವ ಮುಂಚೆ ಇದು ನೆನಪಿರಲಿ.

ಇನ್ನೊಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. ಮಗುವಿಗೆ ಅಂತ ಬೇರೆ ಖಾತೆ ಮಾಡಿ, ಪ್ರತಿ ಖರೀದಿಗೂ ಅಪ್ಪ ಅಮ್ಮ ಒಪ್ಪಬೇಕು ಅಂತ ಇಟ್ಟಿರುತ್ತೇವೆ ಅಲ್ವಾ? ಆ ಕಾವಲು ಮಗುವಿನ ಖಾತೆಗೆ ಮಾತ್ರ. ನಿಮ್ಮ ಫೋನಿನಲ್ಲಿ ನಿಮ್ಮದೇ ಖಾತೆ ತೆರೆದಿದ್ದರೆ, ಕೊಳ್ಳುತ್ತಿರುವುದು ನೀವೇ ಅಂತ ಸ್ಟೋರ್ ತಿಳಿಯುತ್ತದೆ. ಲಾಕ್ ತೆಗೆಯಲಿ ಅಂತ ಮಗುವಿನ ಬೆರಳಚ್ಚನ್ನೂ ಸೇರಿಸಿದ್ದರೆ, ಬೆರಳಚ್ಚಿನಿಂದ ಖರೀದಿ ಒಪ್ಪುವ ಸೌಲಭ್ಯ ಆನ್ ಇದ್ದಾಗ ಆ ಬೆರಳೂ ನಡೆಯುತ್ತದೆ.

ಈಗ ಹಣ ವಾಪಸ್ ಕೇಳುವ ವಿಚಾರ. ಸಿಟ್ಟಿನಲ್ಲಿ ಮೊದಲು ಬ್ಯಾಂಕಿಗೆ ಫೋನ್ ಮಾಡಬೇಕು ಅನ್ನಿಸುತ್ತದೆ. ಮಾಡಬೇಡಿ. ಬ್ಯಾಂಕಿನ ಮೂಲಕ ಹಣ ಎಳೆದುಕೊಂಡರೆ ಸ್ಟೋರ್ ನಿಮ್ಮ ಖಾತೆಯನ್ನೇ ತಡೆಹಿಡಿಯಬಹುದು. ಅದರಲ್ಲಿ ವರ್ಷಗಳಿಂದ ಕೊಂಡಿದ್ದೆಲ್ಲ ಸಿಕ್ಕಿಕೊಳ್ಳುತ್ತದೆ. ಸ್ಟೋರ್ ಕೈಬಿಟ್ಟರೆ ಮಾತ್ರ ಬ್ಯಾಂಕು. ಆಪಲ್ ಆದರೆ reportaproblem.apple.com, ಗೂಗಲ್ ಪ್ಲೇ ಆದರೆ ಅದರ ವೆಬ್‌ಸೈಟಿನ Order history. ಪ್ಲೇಯಲ್ಲಿ 48 ಗಂಟೆಯೊಳಗೆ ಕೇಳಿದರೆ ಸ್ಟೋರೇ ನೋಡುತ್ತದೆ. ಅದು ದಾಟಿದರೆ ಸಾಮಾನ್ಯವಾಗಿ ಗೇಮ್ ಮಾಡಿದವರ ಹತ್ತಿರ ಕಳಿಸುತ್ತಾರೆ.

ಕಾರಣ ಆರಿಸುವ ಜಾಗದಲ್ಲಿ ನಿಧಾನಿಸಿ. ಖಾತೆಗೆ ಯಾರೋ ನುಗ್ಗಿದ್ದಾರೆ ಅನ್ನುವ ದೂರೇ ಬೇರೆ, ಮನೆಯ ಮಗು ಒಪ್ಪಿಗೆಯಿಲ್ಲದೆ ಕೊಂಡಿದೆ ಅನ್ನುವುದೇ ಬೇರೆ. ಮೊದಲನೆಯದನ್ನು ಹೇಳಿದರೆ, ಖರೀದಿ ನಿಮ್ಮದೇ ಫೋನಿನಿಂದ ಆಗಿದೆ ಅನ್ನುವ ಮಾತಿಗೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. ನಿಜವನ್ನೇ ಬರೆಯಿರಿ.

ನಾನು ಕೊಟ್ಟ ವಿವರ ಇಷ್ಟೇ: ಮಗುವಿನ ವಯಸ್ಸು, ಒಪ್ಪಿಗೆ ಕೊಟ್ಟ ಖರೀದಿಯ ಆರ್ಡರ್ ನಂಬರ್, ಒಪ್ಪಿಗೆಯಿಲ್ಲದ ಐದರ ನಂಬರ್, ಎಲ್ಲದರ ಸಮಯ. 8:10ರ ಖರೀದಿಯ ಹಣ ನಾನು ಕೇಳಲೇ ಇಲ್ಲ. ಉಳಿದ ಐದು ಹನ್ನೆರಡು ನಿಮಿಷದಲ್ಲಿ ಆಗಿವೆ ಅನ್ನುವುದು ಆ ಪಟ್ಟಿಯಲ್ಲೇ ಕಾಣುತ್ತಿತ್ತು. ಒಂದೊಂದು ಆರ್ಡರಿಗೂ ಬೇರೆ ಬೇರೆ ಅರ್ಜಿ ಹಾಕಿದೆ. ನಾಲ್ಕಕ್ಕೆ ಹಣ ಬಂತು, ಒಂದಕ್ಕೆ ಇಲ್ಲ ಅಂದರು. ಆ ಪ್ಯಾಕಿನ ರತ್ನಗಳು ಆಟದಲ್ಲಿ ಖರ್ಚಾಗಿ ಹೋಗಿದ್ದವು. ನಿರಾಕರಣೆಗೆ ಅದೇ ಕಾರಣ ಅಂತ ಅವರು ಬರೆಯಲಿಲ್ಲ, ಆದರೆ ನನಗೆ ಹಾಗನ್ನಿಸುತ್ತದೆ. ಆದ್ದರಿಂದ ಗೊತ್ತಾದ ಕೂಡಲೇ ಆಟ ನಿಲ್ಲಿಸಿ. ಗೇಮ್ ಅಳಿಸಬೇಡಿ. ಅದರ ಸೆಟ್ಟಿಂಗ್ಸ್‌ನಲ್ಲಿ ಆಟಗಾರರ ಐಡಿ ಇರುತ್ತದೆ. ಗೇಮ್ ಮಾಡಿದವರಿಗೆ ಬರೆಯಬೇಕಾಗಿ ಬಂದರೆ ಅದನ್ನೇ ಕೇಳುತ್ತಾರೆ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಹಣ ವಾಪಸ್ ಬಂದ ಮೇಲೆ ಕೊಂಡ ರತ್ನಗಳನ್ನು ಗೇಮ್ ಕಿತ್ತುಕೊಳ್ಳಬಹುದು, ಆಟದ ಖಾತೆಯನ್ನೇ ಮುಚ್ಚಲೂಬಹುದು. ಇದನ್ನು ಮಗುವಿಗೆ ಮೊದಲೇ ಹೇಳಿಬಿಡಿ. ನಮ್ಮವಳು ಅತ್ತಳು, ಆದರೆ ಅರ್ಥ ಮಾಡಿಕೊಂಡಳು.

ಕೊನೆಗೆ ನನ್ನನ್ನು ಮತ್ತೆ ಕಾಡಿದ್ದು ಒಂದು ವಾರದ ಪಾಸ್. ಆ ಐದರಲ್ಲಿ ಒಂದು ಚಂದಾ ಆಗಿತ್ತು. ಹಣವೇನೋ ವಾಪಸ್ ಬಂತು, ಆದರೆ ಚಂದಾ ಹಾಗೇ ಇತ್ತು, ಮುಂದಿನ ವಾರ ಮತ್ತೆ ಹಣ ಹೋಯಿತು. ಗೇಮ್ ಅಳಿಸಿದರೂ ಚಂದಾ ನಿಲ್ಲುವುದಿಲ್ಲ. ಸ್ಟೋರಿನ Subscriptions ಪಟ್ಟಿಗೆ ಹೋಗಿ ಅಲ್ಲಿಯೇ ರದ್ದು ಮಾಡಬೇಕು. ನೀವು ಹಣ ವಾಪಸ್ ಕೇಳುವ ದಿನವೇ ಆ ಪಟ್ಟಿ ತೆರೆದು ನೋಡಿ.