ಸೂತ್ರ ಸರಿ, ಎಂಎಸಿಡಿ ತಪ್ಪು: ಮೊದಲ ಸಾಲು ಮಾಡುವ ಅನಾಹುತ

ಸ್ವಂತ ಸ್ಪ್ರೆಡ್‌ಶೀಟ್ ಹಾಳೆಯಲ್ಲಿ ಎಂಎಸಿಡಿ ಲೆಕ್ಕ ಹಾಕಿ ಷೇರು ಮಾರುವವರು ದಯವಿಟ್ಟು ಇದನ್ನು ಓದಿ. ಎರಡು ತಿಂಗಳಿಗೂ ಕಡಿಮೆ ದತ್ತಾಂಶ ಹಾಕಿದ ಒಂದು ಹಾಳೆ 28ನೇ ಸಾಲಿನಲ್ಲಿ −1.4 ತೋರಿಸಿತು. ಸೊನ್ನೆಯ ಕೆಳಗಿಳಿಯಿತೆಂದು ಷೇರು ಮಾರಿದ್ದಾಯಿತು. ಅದೇ ದಿನದ ನಿಜವಾದ ಎಂಎಸಿಡಿ +3. ಸೂತ್ರಗಳಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ:

```
C3: =C2+(2/13)*(B3-C2)
D3: =D2+(2/27)*(B3-D2)
E3: =C3-D3
F3: =F2+(2/10)*(E3-F2)
G3: =E3-F3
```

B ಕ್ಲೋಸಿಂಗ್ ಬೆಲೆ. C ಮತ್ತು D ಕ್ರಮವಾಗಿ 12 ಹಾಗೂ 26 ದಿನಗಳ ಎಕ್ಸ್‌ಪೊನೆನ್ಷಿಯಲ್ ಸರಾಸರಿಗಳು. ಅವುಗಳ ವ್ಯತ್ಯಾಸವೇ ಎಂಎಸಿಡಿ ಗೆರೆ, E. ಆ ಗೆರೆಯದೇ 9 ದಿನಗಳ ಸರಾಸರಿ ಸಿಗ್ನಲ್ ಗೆರೆ, F. ಬೆಲೆಯ 9 ದಿನದ ಸರಾಸರಿಯಲ್ಲ, ಇಲ್ಲಿ ಹಲವರು ಎಡವುತ್ತಾರೆ. E ಇಂದ F ಕಳೆದರೆ ಹಿಸ್ಟೋಗ್ರಾಮ್.

ಎಡವಟ್ಟಾದದ್ದು ಎರಡನೇ ಸಾಲಿನಲ್ಲಿ, ಅಂದರೆ ಬೆಲೆಗಳ ಮೊದಲ ಸಾಲಿನಲ್ಲಿ. ಪ್ರತಿ ಸರಾಸರಿಗೂ ನಿನ್ನೆಯ ಸರಾಸರಿ ಬೇಕು, ಮೊದಲ ದಿನಕ್ಕೆ ನಿನ್ನೆ ಇಲ್ಲ. ಹಾಗಾಗಿ C2, D2 ಎರಡಕ್ಕೂ ಆ ದಿನದ ಬೆಲೆ 540 ಅನ್ನೇ ತುಂಬಲಾಗಿತ್ತು. ಹಳೆಯ ಬೆಲೆಗಳನ್ನೂ ಸೇರಿಸಿದ್ದರೆ ಆ ದಿನ C2 515, D2 505 ಆಗಬೇಕಿತ್ತು. ಅಂದರೆ 25 ಮತ್ತು 35ರ ತಪ್ಪು ಒಳಗೆ ಸೇರಿಕೊಂಡಿತು.

ಈ ತಪ್ಪು ತಾನಾಗಿ ಕರಗುತ್ತದೆ, ಆದರೆ ಎರಡರಲ್ಲೂ ಒಂದೇ ವೇಗದಲ್ಲಿ ಅಲ್ಲ. 12 ದಿನದ್ದು ದಿನಕ್ಕೆ 11/13ರಷ್ಟು ಉಳಿಯುತ್ತದೆ, 26 ದಿನದ್ದು 25/27ರಷ್ಟು. ಮೊದಲನೆಯದು ಬೇಗ ಮರೆಯುತ್ತದೆ, ಎರಡನೆಯದು ನಿಧಾನ. ಅದಕ್ಕೇ ಎಂಎಸಿಡಿಯ ತಪ್ಪು ಮೊದಲು ಬೆಳೆಯುತ್ತದೆ: ಆರಂಭದಲ್ಲಿ −10 ಇದ್ದದ್ದು 6 ದಿನ ಕಳೆದಾಗ ಸುಮಾರು −12.9. 26 ದಿನ ಕಳೆದರೂ −4.4 ಉಳಿದಿತ್ತು, +3 ಎಂಬುದು −1.4 ಆದದ್ದು ಹೀಗೆ. 60 ದಿನಕ್ಕೆ −0.34, 100 ದಿನಕ್ಕೆ ತಪ್ಪಿನ ಗಾತ್ರ 0.02ಕ್ಕಿಂತ ಕಡಿಮೆ.

ಮೊದಲ 26 ಬೆಲೆಗಳ ಸಾದಾ ಸರಾಸರಿಯಿಂದ D ಶುರು ಮಾಡುವುದು ಇದಕ್ಕಿಂತ ವಾಸಿ, ಆದರೆ ಅಲ್ಲೊಂದು ಗುಂಡಿಯಿದೆ. ಆಗ ಎಂಎಸಿಡಿ ಹುಟ್ಟುವುದೇ 26ನೇ ದಿನ. ಅದಕ್ಕೆ ಮುಂಚಿನ ಖಾಲಿ ಜಾಗಗಳನ್ನು ಹಾಳೆ ಸೊನ್ನೆ ಎಂದು ಎಣಿಸಿದರೆ ಸಿಗ್ನಲ್ ಸೊನ್ನೆಯಿಂದ ಹೊರಡುತ್ತದೆ. ಎಂಎಸಿಡಿ 10 ಇದ್ದರೆ ಸಿಗ್ನಲ್ 2, ಹಿಸ್ಟೋಗ್ರಾಮ್ 8: ಮಾರುಕಟ್ಟೆಯಲ್ಲಿ ಇಲ್ಲದ ಭಾರೀ ಏರಿಕೆ ಕಾಣುತ್ತದೆ. ಮೊದಲ 9 ಎಂಎಸಿಡಿಗಳ ಸರಾಸರಿಯಿಂದ ಹೊರಟರೆ ಸಿಗ್ನಲ್ ಶುರುವಾಗಬೇಕಾದದ್ದು 34ನೇ ದಿನ.

ನೋಡಬೇಕಾದ ಅವಧಿಗಿಂತ ಹಿಂದಿನ ಕನಿಷ್ಠ 150 ವಹಿವಾಟು ದಿನಗಳ ಬೆಲೆ ಸೇರಿಸಿ, ಆ ಸಾಲುಗಳ ಫಲಿತಾಂಶ ಬಳಸಬೇಡಿ. ಪರೀಕ್ಷೆ ಸುಲಭ: ಇನ್ನೂ 50 ದಿನ ಹಿಂದಿನಿಂದ ಶುರು ಮಾಡಿ ನೋಡಿ. ಇಂದಿನ E, F, G ಎರಡನೇ ದಶಮಾಂಶದಲ್ಲಿ ಅಲುಗಾಡಿದರೂ ಹಿಂದಿನ ದತ್ತಾಂಶ ಇನ್ನೂ ಸಾಲದು.