11×13 ರೂಮಿಗೆ 2×2, 2×4 ಅಥವಾ 800×800: ಟೈಲ್ಸ್ ಖರ್ಚಿನ ಹೋಲಿಕೆ

ನಮ್ಮ ಮನೆಯ ಮೇಲಂತಸ್ತಿನಲ್ಲಿ ಅಕ್ಕಪಕ್ಕ ಎರಡು ರೂಮುಗಳಿವೆ. ಎರಡೂ 11 ಅಡಿ ಅಗಲ, 13 ಅಡಿ ಉದ್ದ. ಒಂದಕ್ಕೆ 2×2 ಟೈಲ್ಸ್ ಹಾಕಿಸಿದೆವು, ಇನ್ನೊಂದಕ್ಕೆ 2×4. ಎರಡನೇ ರೂಮಿಗೆ ಮೊದಲು 800×800 ಮಿ.ಮೀ. ಟೈಲ್ಸ್ ಹಾಕಿಸುವ ಆಸೆ ಇತ್ತು. ಹಾಗಾಗಿ ಅದರ ಲೆಕ್ಕವನ್ನೂ ಪೂರ್ತಿ ಮಾಡಿದ್ದೆ. ಒಂದೇ ಅಳತೆಯ ರೂಮಿಗೆ ಮೂರು ಸೈಜಿನ ಲೆಕ್ಕ ಎದುರಿಗೆ ಇದ್ದಾಗ ಒಂದು ಮಾತು ಸ್ಪಷ್ಟವಾಯಿತು. ವೇಸ್ಟೇಜ್ ಎಷ್ಟು ಅನ್ನೋದನ್ನು ತೀರ್ಮಾನಿಸುವುದು ರೂಮಿನ ಅಳತೆಗೂ ಟೈಲ್ಸ್ ಅಳತೆಗೂ ಇರುವ ಹೊಂದಾಣಿಕೆ. ಅಂಗಡಿಯವರು ಹೇಳುವ "ಹತ್ತು ಪರ್ಸೆಂಟ್ ಜಾಸ್ತಿ ತಗೊಳ್ಳಿ" ನಮ್ಮ ರೂಮಿಗೆ ಮೂರರಲ್ಲಿ ಯಾವುದಕ್ಕೂ ಸರಿಹೊಂದಲಿಲ್ಲ.

ಮೊದಲು ಅಂಗಡಿ ಲೆಕ್ಕ ನೋಡಿ. 11ನ್ನು 13ರಿಂದ ಗುಣಿಸಿದರೆ 143 ಚದರಡಿ. ಹತ್ತು ಪರ್ಸೆಂಟ್ ಸೇರಿಸಿದರೆ 157. 2×2 ಬಾಕ್ಸಿನಲ್ಲಿ ನಾಲ್ಕು ಟೈಲ್ಸ್, ಅಂದರೆ 16 ಚದರಡಿ. 157ನ್ನು 16ರಿಂದ ಭಾಗಿಸಿದರೆ ಹತ್ತಕ್ಕಿಂತ ಸ್ವಲ್ಪ ಕಮ್ಮಿ. "ಹತ್ತು ಬಾಕ್ಸ್ ಸಾಕು ಸಾರ್" ಅಂದರು ಕೌಂಟರಿನಲ್ಲಿ.

ಇಲ್ಲಿ ಒಂದು ವಿಷಯ ಗಮನಿಸಬೇಕು. ನಾವು 2×2 ಅನ್ನುವ ಟೈಲ್ಸ್ ನಿಜಕ್ಕೂ 600×600 ಮಿ.ಮೀ. ಎರಡು ಅಡಿ ಅಂದರೆ 610 ಮಿ.ಮೀ. ಆ ಹತ್ತು ಮಿ.ಮೀ. ವ್ಯತ್ಯಾಸದಿಂದಾಗಿ ಒಂದು ಟೈಲ್ಸ್ 4 ಚದರಡಿ ಬದಲು 3.87 ಚದರಡಿ ಆಗುತ್ತದೆ, ಬಾಕ್ಸ್ 15.5 ಚದರಡಿ ಆಗುತ್ತದೆ. ಬಾಕ್ಸಿನ ಪಕ್ಕದಲ್ಲಿ 1.44 ಚದರ ಮೀಟರ್ ಅಂತ ಅಚ್ಚಾಗಿರುತ್ತದೆ. ಅದನ್ನು 10.76ರಿಂದ ಗುಣಿಸಿ ನೋಡಿ, ಅದೇ 15.5 ಬರುತ್ತದೆ. ಈ ಲೆಕ್ಕದಲ್ಲಿ 157ಕ್ಕೆ ಹತ್ತು ಬಾಕ್ಸ್ ಸಾಲುವುದಿಲ್ಲ, ಹನ್ನೊಂದು ಬೇಕು. ಚದರಡಿಗೆ ಇಷ್ಟು ಅಂತ ರೇಟ್ ಹೇಳಿ, ಬಾಕ್ಸಿಗೆ 16 ಚದರಡಿ ಅಂತ ಬಿಲ್ ಮಾಡಿದರೆ ಪ್ರತಿ ಬಾಕ್ಸಿಗೂ ಅರ್ಧ ಚದರಡಿಯ ದುಡ್ಡು ಸುಮ್ನೆ ಹೋಗುತ್ತದೆ. ಅದಕ್ಕೇ ನಾನು ಬಾಕ್ಸಿನ ರೇಟನ್ನೇ ಕೇಳಿದೆ, ಜಿಎಸ್‌ಟಿ ಸೇರಿಸಿ. ನಮಗೆ ಸಿಕ್ಕಿದ ರೇಟು ಹೀಗಿತ್ತು: 2×2ಕ್ಕೆ ಬಾಕ್ಸಿಗೆ 720 ರೂಪಾಯಿ, 2×4ಕ್ಕೆ 1,000, 800×800ಕ್ಕೆ 1,400.

ಈಗ ಮೂರನ್ನೂ ನೆಲದ ಮೇಲೆ ಜೋಡಿಸಿ ನೋಡೋಣ. ರೂಮಿನ ಅಳತೆಯನ್ನು ಸೆಂ.ಮೀ.ಗೆ ಬದಲಿಸಿಕೊಳ್ಳಿ, ಕೆಲಸ ಸುಲಭ. 335 ಅಗಲ, 396 ಉದ್ದ. ಗಿಲಾವು ಆದ ಮೇಲೆ ಅಳೆಯಬೇಕು, ಎರಡೂ ತುದಿಯಲ್ಲಿ ಅಳೆಯಬೇಕು. ಗೋಡೆ ಒಂದು ಕಡೆ ಒಂದೆರಡು ಸೆಂ.ಮೀ. ಆಚೀಚೆ ಇರುವುದು ಮಾಮೂಲು. ದೊಡ್ಡ ಅಳತೆಯನ್ನೇ ಲೆಕ್ಕಕ್ಕೆ ಹಿಡಿಯಿರಿ. ಟೈಲ್ಸ್ ನಡುವೆ 2 ಮಿ.ಮೀ. ಸ್ಪೇಸರ್ ಇರುತ್ತದೆ. ಇಡೀ ಗೋಡೆಯ ಉದ್ದಕ್ಕೆ ಅದೆಲ್ಲ ಸೇರಿ ಒಂದು ಸೆಂ.ಮೀ. ಆಸುಪಾಸು ಆಗುತ್ತದೆ.

2×2ರಲ್ಲಿ ಅಗಲಕ್ಕೆ ಐದು ಪೂರ್ತಿ ಟೈಲ್ಸ್ ಕೂತು 34 ಸೆಂ.ಮೀ. ಉಳಿಯಿತು. ಉದ್ದಕ್ಕೆ ಆರು ಕೂತು 35 ಸೆಂ.ಮೀ. ಉಳಿಯಿತು. ತೊಂದರೆ ಇರುವುದೇ ಈ ಉಳಿಕೆಯಲ್ಲಿ. 60 ಸೆಂ.ಮೀ. ಟೈಲ್ಸಿನಿಂದ 34ರ ತುಂಡು ಕತ್ತರಿಸಿದರೆ ಉಳಿಯುವುದು 26. ಅದರಲ್ಲಿ ಇನ್ನೊಂದು 34ರ ತುಂಡು ಬರುವುದಿಲ್ಲ. ಹಾಗಾಗಿ ಗೋಡೆ ಪಕ್ಕದ ಪ್ರತಿ ತುಂಡಿಗೂ ಒಂದು ಇಡೀ ಟೈಲ್ಸ್ ಬೇಕೇ ಬೇಕು. ಆರು ಸಾಲು, ಏಳು ಸಾಲು, ಒಟ್ಟು 42 ಟೈಲ್ಸ್. ಹತ್ತು ಬಾಕ್ಸಿನಲ್ಲಿ ಇರುವುದು 40. ಅಂಗಡಿ ಲೆಕ್ಕದ ಪ್ರಕಾರ ತಂದಿದ್ದರೆ ಕೊನೆಯ ಮೂಲೆಯಲ್ಲಿ ಎರಡು ಟೈಲ್ಸ್ ಕಮ್ಮಿ ಬೀಳುತ್ತಿತ್ತು. ಮತ್ತೆ ತರಲು ಹೋದರೆ ಅದೇ ಬ್ಯಾಚ್ ಸಿಗುತ್ತದೆ ಅನ್ನುವ ಭರವಸೆ ಇಲ್ಲ. ಬ್ಯಾಚ್ ಬದಲಾದರೆ ಬಣ್ಣದ ಛಾಯೆ ಸ್ವಲ್ಪ ಬೇರೆಯಾಗುತ್ತದೆ. ಅಂಗಡಿಯ ಲೈಟಿನಲ್ಲಿ ಅದು ಕಾಣುವುದಿಲ್ಲ. ಕಿಟಕಿ ಬೆಳಕು ಅಡ್ಡಡ್ಡ ಬಿದ್ದಾಗ ಎದ್ದು ಕಾಣುತ್ತದೆ.

ಆದರೆ ಆ 26 ಸೆಂ.ಮೀ. ತುಂಡುಗಳು ವ್ಯರ್ಥ ಅಲ್ಲ. ಸ್ಕರ್ಟಿಂಗ್ ಎತ್ತರ ನಾಲ್ಕು ಇಂಚು, ಅಂದರೆ ಹತ್ತು ಸೆಂ.ಮೀ. ಪ್ರತಿ ತುಂಡಿನಿಂದ ಎರಡು ಸ್ಕರ್ಟಿಂಗ್ ಪಟ್ಟಿ ಬಂದವು. ಬಾಗಿಲು ಬಿಟ್ಟು 45 ಅಡಿ ಸುತ್ತಳತೆಗೆ ಬೇಕಾದ ಪಟ್ಟಿ ಹೆಚ್ಚುಕಮ್ಮಿ ಅಲ್ಲೇ ಆಯಿತು. ಗೋಡೆ ಮೂಲೆಗಳಲ್ಲಿ ಹೊಂದಿಸಲು ಇನ್ನೊಂದು ಟೈಲ್ಸ್ ಮಾತ್ರ ಕತ್ತರಿಸಬೇಕಾಯಿತು. ಸ್ಕರ್ಟಿಂಗಿಗೆ ಅಂತ ಪ್ರತ್ಯೇಕ ಒಂದು ಬಾಕ್ಸ್ ಬರೆಸುವವರು ಈ ತುಂಡುಗಳನ್ನು ಎಸೆಯದಂತೆ ಮೇಸ್ತ್ರಿಗೆ ಮೊದಲೇ ಹೇಳಬೇಕು. ನಾವು 12 ಬಾಕ್ಸ್ ತಂದೆವು. 8,640 ರೂಪಾಯಿ ಆಯಿತು. ಕತ್ತರಿಸುವಾಗ ಒಂದು ಒಡೆಯಿತು, ನಾಲ್ಕು ಪೂರ್ತಿ ಟೈಲ್ಸ್ ಮಾಳಿಗೆಯಲ್ಲಿವೆ.

2×4 ಅಂದರೆ 600×1200 ಮಿ.ಮೀ. ಬಾಕ್ಸಿನಲ್ಲಿ ಎರಡೇ ಟೈಲ್ಸ್, ವಿಸ್ತೀರ್ಣ ಮಾತ್ರ ಅದೇ 15.5 ಚದರಡಿ. ಇಲ್ಲಿ ಯಾವ ದಿಕ್ಕಿಗೆ ಹಾಕುತ್ತೀರಿ ಅನ್ನುವುದರ ಮೇಲೆ ಲೆಕ್ಕ ಬದಲಾಗುತ್ತದೆ. ಟೈಲ್ಸಿನ ಉದ್ದವನ್ನು ರೂಮಿನ 13 ಅಡಿಯ ದಿಕ್ಕಿಗೇ ಇಟ್ಟರೆ ಒಂದು ಸಾಲಿಗೆ ಮೂರು ಪೂರ್ತಿ ಕೂತು 35 ಸೆಂ.ಮೀ. ಉಳಿಯುತ್ತದೆ. 120 ಸೆಂ.ಮೀ. ಟೈಲ್ಸಿನಿಂದ 35ರ ತುಂಡು ಮೂರು ಬರುತ್ತವೆ! ಹಾಗಾಗಿ ಐದು ಸಾಲಿನ ತುದಿಗೆ ಎರಡೇ ಟೈಲ್ಸ್ ಸಾಕು, ಮೂಲೆಯ ತುಂಡೂ ಅದರಲ್ಲೇ ಸಿಗುತ್ತದೆ. ಗೋಡೆ ಪಕ್ಕದ ಸಣ್ಣ ಸಾಲಿಗೆ ಇನ್ನು ಮೂರು. ಒಟ್ಟು 20 ಟೈಲ್ಸ್, ಸರಿಯಾಗಿ ಹತ್ತು ಬಾಕ್ಸ್. ಅಡ್ಡಕ್ಕೆ ತಿರುಗಿಸಿ ಹಾಕಿದರೆ 21 ಬೇಕು. ನಮ್ಮ ರೂಮಿನಲ್ಲಿ ಬಾಗಿಲಿನಿಂದ ನೋಟ ಹೋಗುವುದೂ 13 ಅಡಿಯ ದಿಕ್ಕಿಗೇ ಆದ್ದರಿಂದ ಚಂದಕ್ಕೂ ಖರ್ಚಿಗೂ ಒಂದೇ ದಿಕ್ಕು ಒದಗಿಬಂತು. ಇದು ಸಾಲುಸಾಲಾಗಿ ನೇರ ಹಾಕಿದರೆ ಮಾತ್ರ. ಇಟ್ಟಿಗೆ ಜೋಡಣೆಯ ಹಾಗೆ ಜಾರಿಸಿ ಹಾಕಿದರೆ, ಅಥವಾ ಮಾರ್ಬಲ್ ಗೆರೆ ಒಂದರಿಂದ ಒಂದಕ್ಕೆ ಕೂಡಬೇಕು ಅಂದರೆ ತುಂಡುಗಳನ್ನು ಹೀಗೆ ಹಂಚಲು ಆಗುವುದಿಲ್ಲ.

ಟೈಲ್ಸ್ ಸಂಖ್ಯೆಯಲ್ಲಿ 2×4 ಗೆದ್ದರೂ ಒಡೆಯುವ ಭಯ ಇದರಲ್ಲಿ ಜಾಸ್ತಿ. ನಾಲ್ಕಡಿ ಉದ್ದಕ್ಕೆ ಕತ್ತರಿಸುವಾಗ ಸೀಳು ದಾರಿ ತಪ್ಪಿದರೆ ಹೋಗುವುದು ಬಾಕ್ಸಿನ ಅರ್ಧ ಬೆಲೆ. ನಮಗೆ ಒಂದು ಹಾಗೆ ಹೋಯಿತು, ಇನ್ನೊಂದರ ಮೂಲೆ ಮೆಟ್ಟಿಲು ಹತ್ತಿಸುವಾಗಲೇ ಉದುರಿತ್ತು. ಮೂಲೆ ಉದುರಿದ್ದನ್ನು ಸ್ಕರ್ಟಿಂಗಿಗೆ ಕತ್ತರಿಸಿಕೊಂಡೆವು. ಅದಕ್ಕೆ ಹೇಗೂ ಒಂದು ಟೈಲ್ಸ್ ಬೇಕಿತ್ತು. 12 ಬಾಕ್ಸ್, 12,000 ರೂಪಾಯಿ. ಉಳಿದಿದ್ದು ಎರಡು.

ಇದರ ಜೊತೆ ಹಾಕುವ ಕೂಲಿಯೂ ಬೇರೆ. ನಮಗೆ 2×2ಕ್ಕೆ ಚದರಡಿಗೆ 22, 2×4ಕ್ಕೆ 32 ಹೇಳಿದರು. 143 ಚದರಡಿಗೆ 1,430 ರೂಪಾಯಿ ಹೆಚ್ಚು. ದೊಡ್ಡ ಟೈಲ್ಸನ್ನು ಬರೀ ಸಿಮೆಂಟ್ ಹಾಲಿನ ಮೇಲೆ ಕೂರಿಸಿದರೆ ನಡುವೆ ಟೊಳ್ಳು ಉಳಿಯುವ ಸಾಧ್ಯತೆ ಹೆಚ್ಚು. ನಾಣ್ಯದಿಂದ ತಟ್ಟಿದರೆ ಟೊಳ್ಳು ಸದ್ದಿನಿಂದಲೇ ಗೊತ್ತಾಗುತ್ತದೆ. ಟೈಲ್ಸ್ ಅಂಟು ಬಳಸುವುದೇ ಒಳ್ಳೆಯದು, ಅದರ ಚೀಲಗಳ ಖರ್ಚನ್ನೂ 2×4 ಲೆಕ್ಕಕ್ಕೆ ಸೇರಿಸಿಕೊಳ್ಳಿ.

800×800ದ ಲೆಕ್ಕವೇ ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು. ಬಾಕ್ಸಿಗೆ ಮೂರು ಟೈಲ್ಸ್, 20.67 ಚದರಡಿ. ಉದ್ದಕ್ಕೆ ನಾಲ್ಕು ಕೂತು 75 ಸೆಂ.ಮೀ. ಉಳಿಯುತ್ತದೆ, ಅಂದರೆ ಹೆಚ್ಚುಕಮ್ಮಿ ಪೂರ್ತಿ ಟೈಲ್ಸ್. ಅಗಲಕ್ಕೆ ನಾಲ್ಕು ಕೂತು ಬರೀ 14 ಸೆಂ.ಮೀ. ಉಳಿಯುತ್ತದೆ. ಒಂದೇ ಟೈಲ್ಸಿನಿಂದ ಅಂಥ ಐದು ಪಟ್ಟಿ ಬರುತ್ತವೆ. ಒಟ್ಟು 21 ಟೈಲ್ಸ್, 7 ಬಾಕ್ಸ್. ವೇಸ್ಟೇಜ್ ಕೇವಲ ಒಂದು ಪರ್ಸೆಂಟ್! ಕಾಗದದ ಮೇಲೆ ಇದಕ್ಕಿಂತ ಒಳ್ಳೆಯದಿಲ್ಲ ಅನಿಸುತ್ತದೆ, ಅಲ್ವಾ?

ಆದರೆ ಆ 14 ಸೆಂ.ಮೀ. ಪಟ್ಟಿ ಒಂದು ಗೋಡೆಯ ಉದ್ದಕ್ಕೂ ಕಾಣುತ್ತದೆ. ದೊಡ್ಡ ದೊಡ್ಡ ಟೈಲ್ಸ್ ಪಕ್ಕ ಅಂಗೈ ಅಗಲದ ಪಟ್ಟಿ. ಆ ಗೋಡೆಗೆ ವಾರ್ಡ್‌ರೋಬ್ ಬರುವುದಾದರೆ ಚಿಂತೆಯಿಲ್ಲ. ನಮ್ಮಲ್ಲಿ ಅದು ಬಾಗಿಲಿನಿಂದ ಉದ್ದಕ್ಕೂ ಕಾಣುವ ಪಕ್ಕದ ಗೋಡೆ. ಮೇಸ್ತ್ರಿ ಅದನ್ನು ಒಪ್ಪಲಿಲ್ಲ, ಅವರು ಸರಿಯೇ. ಎರಡೂ ಬದಿ ಸಮ ಬರುವಂತೆ ನಡುವಿನಿಂದ ಶುರು ಮಾಡಿದರೆ ಮೂರು ಪೂರ್ತಿ, ಎರಡು ಕಡೆ 47 ಸೆಂ.ಮೀ. ತುಂಡು. 80ರಿಂದ 47 ತೆಗೆದರೆ 33 ಉಳಿಯುತ್ತದೆ, ಇನ್ನೊಂದು 47 ಸಿಗುವುದಿಲ್ಲ. ಲೆಕ್ಕ 21ರಿಂದ 25ಕ್ಕೆ ಏರುತ್ತದೆ. ವೇಸ್ಟೇಜ್ ಒಂದು ಪರ್ಸೆಂಟಿನಿಂದ ಇಪ್ಪತ್ತಕ್ಕೆ! ಆ 33ರ ತುಂಡುಗಳಲ್ಲಿ ಸ್ಕರ್ಟಿಂಗ್ ಪೂರ್ತಿ ಮುಗಿದು ಮಿಗುತ್ತದೆ ಅನ್ನುವುದು ಸಮಾಧಾನ. 9 ಬಾಕ್ಸ್ ತಂದರೆ ಎರಡು ಟೈಲ್ಸ್ ಮಿಗುತ್ತಿದ್ದವು, ಖರ್ಚು 12,600.

| | 2×2 | 2×4 | 800×800 |
|---|---|---|---|
| ನೆಲಕ್ಕೆ ಬೇಕಾದ ಟೈಲ್ಸ್ | 42 | 20 | 25 |
| ನಿಜವಾದ ವೇಸ್ಟೇಜ್ | 14% | 8% | 20% |
| ಬಾಕ್ಸ್ | 12 | 12 | 9 |
| ಟೈಲ್ಸ್ ಖರ್ಚು, ರೂ. | 8,640 | 12,000 | 12,600 |
| ರೂಮಿನ ಚದರಡಿಗೆ, ರೂ. | 60 | 84 | 88 |

ಕೊನೆಯ ಸಾಲು ನೋಡಿ. ಬಾಕ್ಸಿನ ಬೆಲೆಯನ್ನು ವಿಸ್ತೀರ್ಣದಿಂದ ಭಾಗಿಸಿದರೆ ಈ ಮೂರೂ 46, 65 ಮತ್ತು 68 ರೂಪಾಯಿ. ಮನೆಗೆ ಬಂದು ಕೂರುವಷ್ಟರಲ್ಲಿ ಅದೇ 60, 84 ಮತ್ತು 88. ನನ್ನ ಆಯ್ಕೆ ಕೇಳಿದರೆ, ಮಲಗುವ ರೂಮಿಗೆ 2×2ನ್ನೇ ಹೇಳುತ್ತೇನೆ. ಮಂಚ, ಬೀರು ಬಂದ ಮೇಲೆ ಅರ್ಧ ನೆಲ ಮುಚ್ಚಿಹೋಗುತ್ತದೆ. ಮುಂದೆ ಒಂದು ಬಿರುಕು ಬಿಟ್ಟರೂ ಬದಲಿಸಲು ಸುಲಭ. ಜಾಯಿಂಟ್ ಕಮ್ಮಿ ಕಾಣಬೇಕು ಅನ್ನುವ ಹಾಲಿಗೆ 2×4 ಖರ್ಚಿಗೆ ತಕ್ಕದ್ದು.

ನಿಮ್ಮ ರೂಮು 11×13 ಅಲ್ಲದಿದ್ದರೆ ಈ ಟೇಬಲ್ಲಿನ ಸಂಖ್ಯೆ ಬಳಸಬೇಡಿ, ಚೌಕುಳಿ ಕಾಗದದಲ್ಲಿ ಬರೆದು ಎಣಿಸಿ. ನಮ್ಮಲ್ಲಿ ಬಹಳ ಮನೆಗಳಲ್ಲಿರುವ 10×12 ರೂಮನ್ನೇ ತಗೊಳ್ಳಿ. 305ಕ್ಕೆ 366 ಸೆಂ.ಮೀ. 2×2 ಹಾಕಿದರೆ ಎರಡು ಗೋಡೆಗೂ ನಾಲ್ಕೈದು ಸೆಂ.ಮೀ. ಪಟ್ಟಿ ಉಳಿಯುತ್ತದೆ. ಅದನ್ನು ತಪ್ಪಿಸಲು ನಡುವಿನಿಂದ ಹಾಕಿದರೆ ಆರು ಸಾಲು, ಏಳು ಸಾಲು, ಮತ್ತೆ 42 ಟೈಲ್ಸ್. 120 ಚದರಡಿ ರೂಮಿಗೂ 143 ಚದರಡಿ ರೂಮಿಗೂ ಅಷ್ಟೇ. ಹತ್ತು ಪರ್ಸೆಂಟ್ ಲೆಕ್ಕದಲ್ಲಿ ಆ ರೂಮಿಗೆ ಬರುವುದು 9 ಬಾಕ್ಸ್, 36 ಟೈಲ್ಸ್.