ಸಂಪಿನ ಎಂಟು ಅಂಕಿ: ಹಾರ್ ಮತ್ತು 5/3 ಲಿಫ್ಟಿಂಗ್, ಎರಡನ್ನೂ ಮಾಡಿ ನೋಡಿದ್ದು

ಪುಣೆಯ ನಮ್ಮ ಸೊಸೈಟಿಯ ಸಂಪಿಗೆ ಒಂದು ಸೆನ್ಸರ್ ಹಾಕಿದ್ದೇನೆ. ನೀರಿನ ಮಟ್ಟವನ್ನು ಸೆಂಟಿಮೀಟರ್‌ನಲ್ಲಿ ಬರೆದಿಡುತ್ತದೆ. ಜಾಗ ಕಡಿಮೆ, ಒಂದು ಅಂಕಿಯೂ ಕಳೆಯಬಾರದು. ಅದಕ್ಕೇ ಅಂಕಿಗಳನ್ನು ಒಂದು ಒರಟು ಸಾಲು, ಒಂದು ವ್ಯತ್ಯಾಸದ ಸಾಲು ಎಂದು ಒಡೆದು ಒತ್ತಿಡಲು ಪೂರ್ಣಾಂಕದ ವೇವ್‌ಲೆಟ್ ಬೇಕಾಯಿತು. ಒಂದು ಬೆಳಗಿನ ಎಂಟು ಅಂಕಿ ಹೀಗಿದ್ದವು:

20 22 25 27 30 32 50 50

ನಲ್ಲಿ ನೀರು ನಿಧಾನಕ್ಕೆ ಏರುತ್ತಿತ್ತು, ಆಮೇಲೆ ಟ್ಯಾಂಕರ್ ಬಂತು.

ವೇವ್‌ಲೆಟ್ ಅನ್ನು ಸಣ್ಣ ಹಂತಗಳಲ್ಲಿ ಮಾಡುವ ವಿಧಾನವೇ ಲಿಫ್ಟಿಂಗ್. ಅದರಲ್ಲಿ ಮೊದಲು ಅಂಕಿಗಳನ್ನು ಎರಡು ಸಾಲು ಮಾಡುತ್ತೇವೆ. ಸೊನ್ನೆಯಿಂದ ಎಣಿಸಿದರೆ ಸಮ ಸ್ಥಾನದವು 20 25 30 50, ಬೆಸ ಸ್ಥಾನದವು 22 27 32 50. ಪ್ರಿಡಿಕ್ಟ್ ಹಂತದಲ್ಲಿ ಸಮದವುಗಳನ್ನು ನೋಡಿ ಬೆಸದ್ದನ್ನು ಊಹಿಸಿ, ಊಹೆ ಎಷ್ಟು ತಪ್ಪಿತೋ ಅಷ್ಟನ್ನೇ d ಎಂದು ಇಡುತ್ತೇವೆ. ಅಪ್‌ಡೇಟ್ ಹಂತದಲ್ಲಿ ಆ d ಬಳಸಿ ಸಮದ ಅಂಕಿಯನ್ನು ತಿದ್ದಿ s ಮಾಡುತ್ತೇವೆ.

ಹಾರ್ ಎಂಬ ವೇವ್‌ಲೆಟ್‌ನ ಊಹೆ ತೀರಾ ಸರಳ: ಬೆಸದ್ದು ಪಕ್ಕದ ಸಮದಷ್ಟೇ ಇರುತ್ತದೆ. ಹಾಗಾಗಿ d ಅಂದರೆ ಜೋಡಿಯ ವ್ಯತ್ಯಾಸ: 2 2 2 0. ಅದರ ಅರ್ಧವನ್ನು ಸಮಕ್ಕೆ ಕೂಡಿದರೆ s: 21 26 31 50. ಮೂಲದ ಸರಾಸರಿ 32, ಈ ನಾಲ್ಕರದ್ದೂ 32. ಚೊಕ್ಕ ಲೆಕ್ಕ. ಆದರೆ ಟ್ಯಾಂಕರ್ ಬಂದ ಗುರುತು d ಸಾಲಿನಲ್ಲಿ ಎಲ್ಲೂ ಇಲ್ಲ! ಆ ಜಿಗಿತ 32 ಮತ್ತು 50ರ ನಡುವೆ, ಅಂದರೆ ಎರಡು ಜೋಡಿಗಳ ಸಂದಿನಲ್ಲಿ ಬಿತ್ತು. ಅಳತೆ ಒಂದು ಸ್ಥಾನ ಸರಿದಿದ್ದರೆ ಅದೇ d 18 ಆಗುತ್ತಿತ್ತು.

ಜೆಪೆಗ್ 2000 ಚಿತ್ರಗಳನ್ನು ನಷ್ಟವಿಲ್ಲದೆ ಒತ್ತಲು ಬಳಸುವ ವೇವ್‌ಲೆಟ್ 5/3. ಇದು ಎರಡೂ ಕಡೆಯ ಸಮಗಳ ನಡುವೆ ಗೆರೆ ಎಳೆದು ಊಹಿಸುತ್ತದೆ. ಇಲ್ಲಿ e ಅಂದರೆ ಸಮದ ಅಂಕಿ, o ಅಂದರೆ ಬೆಸದ್ದು:

```python
d = o - (e + e_next)//2
s = e + (d_prev + d + 2)//4
```

22ಕ್ಕೆ ಊಹೆ 20 ಮತ್ತು 25ರ ಮಧ್ಯ, ಅಂದರೆ 22. d ಸೊನ್ನೆ. 27ಕ್ಕೂ ಸೊನ್ನೆ. 32ಕ್ಕೆ ಊಹೆ 40, ಹಾಗಾಗಿ d = -8. ಕೊನೆಯ 50ಕ್ಕೆ ಬಲಗಡೆ ಯಾರೂ ಇಲ್ಲ, ಕನ್ನಡಿ ಹಿಡಿದಂತೆ ಎಡದ 50ನ್ನೇ ಮತ್ತೆ ತೆಗೆದುಕೊಂಡರೆ ಸೊನ್ನೆ. ಒಟ್ಟು d: 0 0 -8 0. ನಿಧಾನದ ಏರಿಕೆ ಪೂರ್ತಿ ಮಾಯ, ಟ್ಯಾಂಕರ್ ಮಾತ್ರ ಉಳಿಯಿತು. ನನಗೆ ಬೇಕಿದ್ದದ್ದು ಇದೇ.

s ಬಂದದ್ದು 20 25 28 48. ಒಂದೇ ಜಿಗಿತ ಅಕ್ಕಪಕ್ಕದ ಎರಡನ್ನೂ ಎಳೆದಿದೆ, ಸರಾಸರಿ 30.25ಕ್ಕೆ ಇಳಿದಿದೆ. ಎಂಟೇ ಅಂಕಿ ಇರುವಾಗ ಅಂಚಿನ ಕನ್ನಡಿಯೂ ಲೆಕ್ಕವನ್ನು ಓರೆ ಮಾಡುತ್ತದೆ. ಹಾಗಾದರೆ ಅಪ್‌ಡೇಟ್ ಬಿಟ್ಟರೆ ಆಗುವುದಿಲ್ವಾ? ನಾನೂ ಬಿಟ್ಟು ನೋಡಿದೆ. 30 40 30 40 ಎಂದು ಏರಿಳಿಯುವ ಸಾಲು ಕೊಟ್ಟರೆ ಉಳಿಯುವುದು ಬರೀ 30. ಅಪ್‌ಡೇಟ್ ಇದ್ದರೆ ಎರಡೂ ವಿಧಾನದಲ್ಲಿ 35 ಬರುತ್ತದೆ. ದಿನದ ಗ್ರಾಫನ್ನು s ಸಾಲಿನಿಂದಲೇ ಬಿಡಿಸುವವರು ಅದನ್ನು ಬಿಡಬಾರದು.

ಬಿಚ್ಚುವಾಗ ಎಲ್ಲ ಉಲ್ಟಾ: ಮೊದಲು ಅಪ್‌ಡೇಟ್ ಕಳೆಯಬೇಕು, ಆಮೇಲೆ ಪ್ರಿಡಿಕ್ಟ್ ಕೂಡಬೇಕು. ಇಲ್ಲೇ ನಾನು ಎಡವಿದ್ದು. ನೀರಿನ ಉಸ್ತುವಾರಿ ನೋಡುವ ಬೆಳಗಾವಿಯ ಕಾಕಾ ಫೋನ್ ಮಾಡಿ, "ಏನಪಾ, ಬೋರ್ಡಿನ್ಯಾಗ 49 ಐತಿ, ನಾ ಟೇಪ್ ಹಿಡದು ನೋಡಿದ್ರ 50 ಐತಲ್ಲ" ಅಂದರು. ಒಂದು ಸೆಂಟಿಮೀಟರ್ ಅಲ್ವಾ ಎಂದು ಬಿಡಲು ಮನಸ್ಸಾಗಲಿಲ್ಲ. ಸೆನ್ಸರ್‌ನ ಮೂಲ ಅಂಕಿ ತೆಗೆದು ನೋಡಿದೆ, 50 ಇತ್ತು.

ಒತ್ತುವ ಭಾಗ ಪೈಥಾನ್‌ನಲ್ಲಿ, ಬಿಚ್ಚುವ ಭಾಗ ಸಿ ಭಾಷೆಯಲ್ಲಿ ಬರೆದಿದ್ದೆ. ಅಪ್‌ಡೇಟ್‌ನಲ್ಲಿ (-8+0+2) ಅಂದರೆ -6 ಬರುತ್ತದೆ. ಅದನ್ನು 4ರಿಂದ ಭಾಗಿಸಿದರೆ ಪೈಥಾನ್‌ನ `//` ಕೆಳಕ್ಕೆ ಇಳಿಸಿ -2 ಕೊಡುತ್ತದೆ. ಸಿಯ `/` ಸೊನ್ನೆಯ ಕಡೆ ಸರಿಸಿ -1 ಕೊಡುತ್ತದೆ. ಹಾಗಾಗಿ 28 ತಿರುಗಿ 30 ಆಗುವ ಬದಲು 29 ಆಯಿತು, 48 ಹೋಗಿ 49 ಆಯಿತು. ಅವನ್ನೇ ನಂಬಿದ ಬೆಸಗಳೂ ಜಾರಿದವು:

20 22 25 27 29 31 49 49

ಮೊದಲ ನಾಲ್ಕು ಸರಿ, ಕೊನೆಯ ನಾಲ್ಕೂ ಒಂದೊಂದು ಕಡಿಮೆ. ಯಾವ ಕಡೆಗೆ ಇಳಿಸಿದರೂ ಲಿಫ್ಟಿಂಗ್‌ಗೆ ಅಡ್ಡಿಯಿಲ್ಲ, ಆದರೆ ಹೋಗುವಾಗ ಬರುವಾಗ ಒಂದೇ ರೀತಿ ಇಳಿಸಬೇಕು. ಹಾರ್‌ನಲ್ಲೂ ಇದೇ ಅಪಾಯವಿದೆ. ನಮ್ಮ ಸಾಲಿನಲ್ಲಿ ಅದರ d ಒಂದೂ ಋಣವಾಗಲಿಲ್ಲ, ಅದಕ್ಕೇ ಕಾಣಲಿಲ್ಲ.

ಸಂಪಿಗೆ 5/3 ಇಟ್ಟುಕೊಂಡೆ. ಪಂಪ್ ಆನ್-ಆಫ್ ದಾಖಲೆಗೆ ಹಾರ್, ಅಲ್ಲಿ ಇಳಿಜಾರೇ ಇಲ್ಲ, ಜಿಗಿತ ಪಕ್ಕದ ಜೋಡಿಗೆ ಹರಡುವುದೂ ಇಲ್ಲ. ಸಿಯಲ್ಲಿ ಭಾಗಾಕಾರಕ್ಕೆ ಕೆಳಕ್ಕೆ ಇಳಿಸುವ ಸಣ್ಣ ಫಂಕ್ಷನ್ ಬರೆದೆ. ಕೋಡ್ ಮುಟ್ಟಿದಾಗಲೆಲ್ಲ ಟ್ಯಾಂಕರ್ ಬಂದ ಬೆಳಗಿನ ಆ ಎಂಟು ಅಂಕಿಯನ್ನೇ ಮೊದಲು ಓಡಿಸುತ್ತೇನೆ, ಅದರಲ್ಲಿ -8 ಇದೆ.